ಹುಡುಕುವವರಿಗೆ ಬೇಕಿರುವುದೇನು?

ಕಂಪನಿಗಳಿಗೆ ಅಕೌಂಟಿಂಗ್ ಸಾಫ್ಟ್‌ವೇರ್ ಮಾರುವ ಸಂಸ್ಥೆ ಲೇಖನದ ವಿಷಯ ಆರಿಸುವಾಗ, ಒಂದು ಪದವನ್ನು ಎಷ್ಟು ಜನ ಹುಡುಕುತ್ತಾರೆ ಎಂಬುದಕ್ಕಿಂತ ಏಕೆ ಹುಡುಕುತ್ತಾರೆ ಎಂಬುದನ್ನು ಮೊದಲು ನೋಡಬೇಕು.

ಜಿಎಸ್‌ಟಿಯ `GSTR-2B` ಪಟ್ಟಿಯನ್ನೇ ತೆಗೆದುಕೊಳ್ಳಬಹುದು. ಪೂರೈಕೆದಾರರು ಸಲ್ಲಿಸಿದ ವಿವರಗಳಿಂದ ಇದು ಸಾಮಾನ್ಯವಾಗಿ ಪ್ರತಿ ತಿಂಗಳ 14ರಂದು ತಯಾರಾಗುತ್ತದೆ. ಖರೀದಿಯ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ಪಡೆಯಲು ಅಕೌಂಟೆಂಟ್ ಇದನ್ನು ತನ್ನ ಖರೀದಿ ಲೆಕ್ಕದೊಂದಿಗೆ ತಾಳೆ ಹಾಕಬೇಕು.

`gst login` ಎಂದು ಹುಡುಕುವವರಿಗೆ ಸರ್ಕಾರದ ಪೋರ್ಟಲ್ ಬೇಕು; ಅವರಿಗಾಗಿ ಲೇಖನ ಬರೆಯುವುದು ವ್ಯರ್ಥ. `gstr 2a vs 2b` ಎಂದವರಿಗೆ ವ್ಯತ್ಯಾಸ ತಿಳಿದರೆ ಸಾಕು. `gstr 2b reconciliation in excel` ಎಂದು ಹುಡುಕಿದವರು ಮಾತ್ರ ನೂರಾರು ಬಿಲ್‌ಗಳನ್ನು ಕೈಯಾರೆ ಹೊಂದಿಸುತ್ತ ಕುಳಿತವರು. ಹುಡುಕುವವರು ಕಡಿಮೆಯಿದ್ದರೂ ಬರೆಯಬೇಕಾದ ವಿಷಯ ಇದೇ. ಎಕ್ಸೆಲ್ ಮಾದರಿಯೊಂದನ್ನು ಪ್ರಾಮಾಣಿಕವಾಗಿ ಕೊಟ್ಟು, `INV/045` ಮತ್ತು `INV-45` ಒಂದೇ ಬಿಲ್ ಆದರೂ ಸೂತ್ರ ಅವನ್ನು ಬೇರೆಯೆಂದೇ ಎಣಿಸುತ್ತದೆ ಎಂದು ತೋರಿಸಿದರೆ, ಸಾಫ್ಟ್‌ವೇರಿನ ಅಗತ್ಯ ಓದುಗರಿಗೆ ತಾನಾಗಿ ಅರ್ಥವಾಗುತ್ತದೆ.

ಊಹೆಯನ್ನು ಪರೀಕ್ಷಿಸಲು ಅದೇ ಪದಗಳನ್ನು ಗೂಗಲ್‌ನಲ್ಲಿ ಹಾಕಿ ಮೊದಲ ಹತ್ತು ಫಲಿತಾಂಶ ಓದಬೇಕು. ಅಲ್ಲಿ ವಿವರಣೆಗಳೇ ತುಂಬಿದ್ದರೆ ಮಾರಾಟದ ಪುಟ ನಿಲ್ಲುವುದು ಕಷ್ಟ. ಪ್ರಕಟಿಸಿದ ಮೇಲೆ ಸರ್ಚ್ ಕನ್ಸೋಲ್ ನೋಡಬೇಕು: ಪುಟ ಮೇಲಿನ ಸ್ಥಾನದಲ್ಲಿ ಕಾಣಿಸಿಕೊಂಡರೂ ಕ್ಲಿಕ್ ಬಾರದಿದ್ದರೆ, ಶೀರ್ಷಿಕೆ ಬೇರೆ ಯಾವುದೋ ಪ್ರಶ್ನೆಗೆ ಉತ್ತರಿಸುತ್ತಿರಬಹುದು. ಖರೀದಿಯನ್ನು ಒಪ್ಪುವ ಮಾಲೀಕರು ಮಾತ್ರ ಈ ಪದಗಳನ್ನು ಹುಡುಕುವುದೇ ಅಪರೂಪ. ಅವರ ಪ್ರಶ್ನೆಗಳು ಮಾರಾಟ ಸಿಬ್ಬಂದಿಯ ಫೋನ್ ಮಾತುಕತೆಯಲ್ಲೇ ಸಿಗುತ್ತವೆ.