ಜಾಲಿ ಪೈಪು ಮಡಚಿಕೊಳ್ಳುವುದಿಲ್ಲವೇ?

ನಮ್ಮ ಕಾಲೇಜಿನ ತೋಟಕ್ಕೆ ಬೇಸಿಗೆಗೆ ಮುಂಚೆ 30 ಮೀಟರ್ ಪೈಪು ಕೊಳ್ಳಬೇಕಿತ್ತು. ದರ ಕೇಳಿ ಒಂದು ಪಟ್ಟಿ ಮಾಡುವ ಕೆಲಸ ಕಾಮರ್ಸ್‌ನವರಾದ ನಮ್ಮ ಪಾಲಿಗೆ ಬಂತು. ಮೂರು ಅಂಗಡಿಗಳಿಗೆ ಹೋದೆವು. ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಮಾತು: "ಬೇಟಾ, ಜಾಲಿ ಪೈಪು ತಗೋ. ಮಡಚೋದೂ ಇಲ್ಲ, ಒಡೆಯೋದೂ ಇಲ್ಲ." ಜಾಲಿ ಪೈಪು ಎಂದರೆ ಪಾರದರ್ಶಕ ಪಿವಿಸಿಯ ಒಳಗೆ ಬಿಳಿ ನೂಲಿನ ಹೆಣಿಗೆ ಕಾಣುತ್ತದಲ್ಲ, ಅದು. ಬಿಲ್ಲಿನಲ್ಲಿ ಬ್ರೇಡೆಡ್ ಪೈಪು ಎಂದು ಬರೆಯುತ್ತಾರೆ. ಆ ಮಾತಿನ ಎರಡನೇ ಅರ್ಧ ನಿಜ, ಮೊದಲನೇ ಅರ್ಧ ಅಷ್ಟು ನಿಜವಲ್ಲ.

ನೂಲಿನ ಕೆಲಸ ಒತ್ತಡವನ್ನು ತಡೆಯುವುದು. ಪೈಪಿನೊಳಗಿನ ನೀರು ಎಲ್ಲ ಕಡೆಗೂ ತಳ್ಳುತ್ತದೆ. ಆದರೆ ಪೈಪಿನ ಗೋಡೆಯ ಮೇಲೆ ಅದರ ಪರಿಣಾಮ ಸಮನಾಗಿರುವುದಿಲ್ಲ. ಉದ್ದಕ್ಕೆ ಎಳೆಯುವ ಬಲಕ್ಕಿಂತ ಸುತ್ತಳತೆಯಲ್ಲಿ ಹಿಗ್ಗಿಸುವ ಬಲ ಎರಡು ಪಟ್ಟು. ಅದಕ್ಕೇ ಪೈಪು ಒಡೆಯುವಾಗ ಸಾಮಾನ್ಯವಾಗಿ ಉದ್ದಕ್ಕೆ ಸೀಳುತ್ತದೆ, ಅಡ್ಡಕ್ಕೆ ತುಂಡಾಗುವುದು ಕಡಿಮೆ. ಮೃದುವಾದ ಪಿವಿಸಿ ಹಿಗ್ಗುತ್ತದೆ, ಪಾಲಿಯೆಸ್ಟರ್ ನೂಲು ಹೆಚ್ಚು ಹಿಗ್ಗುವುದಿಲ್ಲ. ಅದನ್ನು ಪೈಪಿನ ಉದ್ದಕ್ಕೆ ಸುಮಾರು 55 ಡಿಗ್ರಿ ಓರೆಯಾಗಿ ಹೆಣೆದರೆ ಈ ಎರಡು ಬಲಗಳೂ ಸರಿಯಾಗಿ ಹಂಚಿಹೋಗಿ, ನೀರು ಬಿಟ್ಟಾಗ ಪೈಪು ಉಬ್ಬುವುದೂ ಇಲ್ಲ, ಗಿಡ್ಡವಾಗುವುದೂ ಇಲ್ಲ.

ಹಾಗಾದರೆ ನಮ್ಮ ತೋಟದಲ್ಲಿ ಒತ್ತಡ ಎಷ್ಟು? ಇದಕ್ಕೆ ಯಂತ್ರ ಬೇಕಿಲ್ಲ. ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿರುವ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ ಕೊಡುತ್ತದೆ. ನಮ್ಮ ಟ್ಯಾಂಕಿನ ನೀರು ನಲ್ಲಿಗಿಂತ ಸುಮಾರು 9 ಮೀಟರ್ ಮೇಲಿದೆ, ಅಂದರೆ 0.9 ಕೆಜಿ. ಇಷ್ಟನ್ನು ಜಾಲಿ ಇಲ್ಲದ ಒಳ್ಳೆಯ ಸಾದಾ ಪಿವಿಸಿ ಪೈಪೂ ತಡೆದುಕೊಳ್ಳುತ್ತದೆ. ಮೋಟಾರಿಗೆ ನೇರವಾಗಿ ಸಿಕ್ಕಿಸಿ, ತುದಿಯ ನಾಜಲ್ ಮುಚ್ಚುವವರ ಮನೆಯ ಮಾತು ಬೇರೆ. ಅಲ್ಲಿ ಒತ್ತಡ ಇದರ ಹಲವು ಪಟ್ಟು ಏರುತ್ತದೆ, ಅಲ್ಲಿ ಜಾಲಿ ಬೇಕೇ ಬೇಕು.

ಇನ್ನು ಮಡಚಿಕೊಳ್ಳುವ ವಿಷಯ. ಪೈಪನ್ನು ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ದುಂಡಗಿದ್ದ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಂದು ಹಂತ ದಾಟಿದರೆ ಗೋಡೆ ಒಮ್ಮೆಲೇ ಕುಸಿದು ನೀರು ನಿಲ್ಲುತ್ತದೆ. ಈ ಕುಸಿತವನ್ನು ತಡೆಯುವುದು ಮುಖ್ಯವಾಗಿ ಗೋಡೆಯ ದಪ್ಪ. ನೂಲು ಎಳೆತವನ್ನು ತಡೆಯುತ್ತದೆ, ಒಳಕ್ಕೆ ಕುಸಿಯುವುದನ್ನು ನೂಲು ಹೇಗೆ ತಡೆದೀತು? ಜಾಲಿ ಪೈಪು ಕಡಿಮೆ ಮಡಚಿಕೊಳ್ಳುತ್ತದೆ ಎಂದು ಅನ್ನಿಸುವುದು ಅದರ ಗೋಡೆ ಸಾಮಾನ್ಯವಾಗಿ ದಪ್ಪವಿರುವುದರಿಂದ. ತೆಳ್ಳಗಿನ ಜಾಲಿ ಪೈಪು ಸಾದಾ ಪೈಪಿನಂತೆಯೇ ಮಡಚುತ್ತದೆ. ಎರಡನೇ ಅಂಗಡಿಯಲ್ಲಿ ಒಂದು ತುಂಡನ್ನು ಕೈಯಲ್ಲಿ ಬಗ್ಗಿಸಿ ನೋಡಿದೆ, ತಟ್ಟೆಯಷ್ಟು ಅಗಲದ ಸುತ್ತಿಗೇ ಕುಸಿಯಿತು. ಅಂಗಡಿಯವರಿಗೆ ಅದು ಅಷ್ಟು ಇಷ್ಟವಾಗಲಿಲ್ಲ.

ಆದ್ದರಿಂದ ಪೈಪು ಕೊಳ್ಳುವವರು ಕತ್ತರಿಸಿದ ತುದಿಯನ್ನು ನೋಡಬೇಕು. ಗೋಡೆ ಸುತ್ತಲೂ ಒಂದೇ ದಪ್ಪವಿದೆಯೇ? ಒಂದು ಕಡೆ ತೆಳ್ಳಗಿದ್ದರೆ ಅದು ಮೊದಲು ಮಡಚುವುದೂ ಉಬ್ಬುವುದೂ ಆ ಕಡೆಯೇ. ಒಂದೇ ಉದ್ದ, ಒಂದೇ ಅಳತೆಯ ಬಾಯಿ ಇರುವ ಎರಡು ಪಿವಿಸಿ ಬಂಡಲ್‌ಗಳನ್ನು ಎತ್ತಿ ನೋಡಿದರೆ, ಭಾರವಾದದ್ದರಲ್ಲಿ ಗೋಡೆ ದಪ್ಪ ಎಂದು ತಿಳಿಯಬಹುದು. ರಬ್ಬರ್ ಪೈಪು ಕೂಡ ಬಲವಾಗಿ ಬಗ್ಗಿಸಿದರೆ ಮಡಚುತ್ತದೆ, ಆದರೆ ಬಿಟ್ಟಕೂಡಲೇ ದುಂಡಗಾಗುತ್ತದೆ. ಪಿವಿಸಿಗೆ ನೆನಪು ಜಾಸ್ತಿ. ಒಮ್ಮೆ ಮಡಿಕೆ ಬಿದ್ದ ಜಾಗದಲ್ಲೇ ಮರುದಿನವೂ ಮಡಿಕೆ ಬೀಳುತ್ತದೆ, ಬೆಳಗಿನ ಚಳಿಯಲ್ಲಿ ಇನ್ನೂ ಹೆಚ್ಚು.

ನಮ್ಮ ವಿಜಯಪುರದಲ್ಲಿ ಪೈಪನ್ನು ನಿಜವಾಗಿ ಕೊಲ್ಲುವುದು ಬಿಸಿಲು. ಪಿವಿಸಿ ಸ್ವಭಾವತಃ ಗಟ್ಟಿ ವಸ್ತು, ಮನೆಯ ನೀರಿನ ಗಟ್ಟಿ ಪೈಪುಗಳೂ ಅದರದೇ. ತೋಟದ ಪೈಪು ಮೆತ್ತಗಿರುವುದು ಅದಕ್ಕೆ ಬೆರೆಸಿದ ಎಣ್ಣೆಯಂಥ ಮೃದುಕಾರಕದಿಂದ. ಬಿಸಿಲಿನ ಶಾಖಕ್ಕೆ ಅದು ನಿಧಾನವಾಗಿ ಹೊರಹೋಗುತ್ತದೆ, ಅತಿನೇರಳೆ ಕಿರಣಗಳು ಪಿವಿಸಿಯನ್ನೇ ಕೆಡಿಸುತ್ತವೆ. ಮೊದಲು ಪೈಪು ಹಳದಿಯಾಗುತ್ತದೆ, ಆಮೇಲೆ ಬಿರುಸಾಗುತ್ತದೆ, ಕೊನೆಗೆ ಬಗ್ಗಿಸಿದಲ್ಲಿ ಬಿರುಕು. ಪಾರದರ್ಶಕ ಪೈಪಿನಲ್ಲಿ ಬೆಳಕು ಒಳಗಿನವರೆಗೂ ಹೋಗುವುದರಿಂದ ಹಾನಿ ಹೆಚ್ಚು, ಪಾಚಿಯೂ ಕಟ್ಟುತ್ತದೆ. ಒಳಗಿನ ಜಾಲಿ ಇದಕ್ಕೆ ಏನೂ ಮಾಡಲಾರದು. ಕಪ್ಪು ಪೈಪಿನಲ್ಲಿರುವ ಇಂಗಾಲದ ಪುಡಿ ಮಾತ್ರ ಆ ಕಿರಣಗಳನ್ನು ಮೇಲ್ಮೈಯಲ್ಲೇ ಹೀರಿಕೊಳ್ಳುತ್ತದೆ.

ಬಿಸಿಲಿಗೂ ಒತ್ತಡಕ್ಕೂ ನಂಟಿದೆ. ಬಿಸಿಯಾದ ಪಿವಿಸಿ ಮೆತ್ತಗಾಗುತ್ತದೆ. ಪೈಪಿನ ಮೇಲೆ ಅಚ್ಚಾದ ಒತ್ತಡದ ಅಂಕಿ ಸಾಮಾನ್ಯ ಉಷ್ಣತೆಗೆ ಕೊಟ್ಟದ್ದು, 50 ಡಿಗ್ರಿಯ ಹತ್ತಿರ ಸುಮಾರು ಅರ್ಧದಷ್ಟೇ ಎಂದುಕೊಳ್ಳುವುದು ಕ್ಷೇಮ. ಮಧ್ಯಾಹ್ನ ಪೈಪು ಮಡಚಿ ನೀರು ನಿಂತರೆ, ನಲ್ಲಿಯಿಂದ ಮಡಿಕೆಯವರೆಗಿನ ಭಾಗಕ್ಕೆ ಪೂರ್ತಿ ಒತ್ತಡ ಬೀಳುತ್ತದೆ. ಉಬ್ಬು ಕಾಣುವುದು ಹೆಚ್ಚಾಗಿ ಅಲ್ಲಿಯೇ.

ರಬ್ಬರ್‌ನಲ್ಲೂ ಎರಡು ಬಗೆ. ನೈಸರ್ಗಿಕ ರಬ್ಬರನ್ನು ಗಾಳಿಯಲ್ಲಿರುವ ಓಝೋನ್ ಕಚ್ಚುತ್ತದೆ, ಬಗ್ಗಿದ ಜಾಗದ ಹೊರಮೈಯಲ್ಲಿ ಅಡ್ಡಡ್ಡ ಸಣ್ಣ ಬಿರುಕುಗಳು ಬರುತ್ತವೆ. ಇಪಿಡಿಎಂ ಎಂಬ ಕೃತಕ ರಬ್ಬರಿಗೆ ಓಝೋನ್, ಬಿಸಿಲು ಎರಡರ ಭಯವೂ ಕಡಿಮೆ. ಪೈಪಿನ ಮೇಲೆ ಆ ಹೆಸರು ಅಚ್ಚಾಗಿದೆಯೇ ನೋಡಬೇಕು. ರಬ್ಬರಿನ ತೊಂದರೆ ಬೆಲೆ ಮತ್ತು ಭಾರ. ಮುಕ್ಕಾಲು ಇಂಚಿನ 30 ಮೀಟರ್ ಪೈಪಿನೊಳಗೆ ನಿಂತ ನೀರೇ ಎಂಟೂವರೆ ಕೆಜಿ ಆಗುತ್ತದೆ. ಅದರ ಮೇಲೆ ರಬ್ಬರಿನ ಭಾರವನ್ನೂ ಸೇರಿಸಿ ದಿನಾ ಬೆಳಿಗ್ಗೆ ಎಳೆಯಬೇಕಾದವರು ನಮ್ಮ ಮಾಲಿ ಚಾಚಾ. ಪಟ್ಟಿ ಮಾಡುವಾಗ ಅವರನ್ನು ಕೇಳಿದೆವು. "ಮೂಲೆಯವರೆಗೆ ಯಾವುದಾದರೂ ಇರಲಿ, ಅಲ್ಲಿಂದ ಮುಂದೆ ಹಗುರ ಇರಲಿ" ಎಂದರು.

ಅವರ ಮಾತಿನಿಂದಲೇ ದಾರಿ ಸಿಕ್ಕಿತು. ನಲ್ಲಿಯಿಂದ ಕಂಬದ ಮೂಲೆಯವರೆಗೆ 6 ಮೀಟರ್ ಪೈಪು ಇಡೀ ದಿನ ಬಿಸಿಲಲ್ಲೇ ಬಿದ್ದಿರುತ್ತದೆ, ಮಡಿಕೆ ಬೀಳುವುದೂ ಆ ಮೂಲೆಯಲ್ಲೇ. ಉಳಿದ 24 ಮೀಟರ್ ಎಳೆದಾಡುವ ಭಾಗ. ನಮಗೆ ಸಿಕ್ಕ ದರ ಮೀಟರಿಗೆ ಜಾಲಿ ಪಿವಿಸಿ 60 ರೂಪಾಯಿ, ರಬ್ಬರ್ 140 ರೂಪಾಯಿ. ಸವಕಳಿಯನ್ನು ನೇರ ರೇಖಾ ವಿಧಾನದಲ್ಲೇ ಲೆಕ್ಕ ಹಾಕಿದೆವು, ಉಳಿಕೆ ಮೌಲ್ಯ ಸೊನ್ನೆ. ಪೂರ್ತಿ ಜಾಲಿ ಪೈಪಿಗೆ 1,800 ರೂಪಾಯಿ. ಹಳೆಯ ಪೈಪಿನಂತೆ ಎರಡೇ ಬೇಸಿಗೆ ಬಂದರೆ ವರ್ಷಕ್ಕೆ 900. ಪೂರ್ತಿ ರಬ್ಬರಿಗೆ 4,200, ಆರು ವರ್ಷ ಬಂದರೂ ವರ್ಷಕ್ಕೆ 700. ಬೆರಕೆ ಮಾಡಿದರೆ 6 ಮೀಟರ್ ರಬ್ಬರಿಗೆ 840, ಆರು ವರ್ಷಕ್ಕೆ ಹಂಚಿದರೆ 140. 24 ಮೀಟರ್ ದಪ್ಪ ಗೋಡೆಯ ಕಪ್ಪು ಜಾಲಿ ಪೈಪೂ ಅದೇ ದರಕ್ಕೆ ಸಿಕ್ಕಿತು, 1,440. ದಿನಾ ಸುತ್ತಿ ನೆರಳಿನಲ್ಲಿಟ್ಟು ನಾಲ್ಕು ವರ್ಷ ಬಂದರೆ 360. ಜೋಡಣೆ, ಕ್ಲ್ಯಾಂಪುಗಳಿಗೆ 120, ವರ್ಷಕ್ಕೆ 30. ಒಟ್ಟು ವರ್ಷಕ್ಕೆ 530 ರೂಪಾಯಿ.

ಆಯುಷ್ಯದ ವರ್ಷಗಳು ನಮ್ಮ ಅಂದಾಜು. ಅದಕ್ಕೇ ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಿದೆವು. ಯಾರೂ ಪೈಪು ಸುತ್ತಿಡದೆ ಆ 24 ಮೀಟರ್ ಕೂಡ ಎರಡೇ ವರ್ಷಕ್ಕೆ ಹೋದರೆ, ವರ್ಷದ ಖರ್ಚು 890 ಆಗುತ್ತದೆ. ಪೂರ್ತಿ ಜಾಲಿ ಪೈಪಿಗಿಂತ ಉಳಿಯುವುದು ಬರೀ 10 ರೂಪಾಯಿ.

ಈಗ ಉತ್ತರದ ಗೋಡೆಗೆ, ನೆರಳಿರುವಲ್ಲಿ, ಹಳೆಯ ಪೇಂಟ್ ಡಬ್ಬಿಯೊಂದನ್ನು ಅಡ್ಡಡ್ಡವಾಗಿ ಬಿಗಿದಿದ್ದೇವೆ. ಮೊಳೆಗೆ ನೇತುಹಾಕಿದರೆ ಪೈಪಿನ ಭಾರಕ್ಕೆ ಅಲ್ಲೇ ಮಡಿಕೆ ಬೀಳುತ್ತದೆ, ಡಬ್ಬಿಯ ಅಗಲಕ್ಕೆ ಬೀಳುವುದಿಲ್ಲ. ಸುತ್ತುವ ಮುಂಚೆ ನಲ್ಲಿ ಮುಚ್ಚಿ, ಪೈಪಿನ ನೀರನ್ನು ದಾಸವಾಳದ ಬುಡಕ್ಕೆ ಖಾಲಿ ಮಾಡಬೇಕು.