ಆರು ಮಕ್ಕಳು, 385 ಮರ

ನಾಟಕದ ಪಿರಿಯಡ್‌ಗೆ ನಾನು ತೆಗೆದುಕೊಂಡು ಹೋಗುವ ಫೈಲಿನಲ್ಲಿ ಹಳೆಯ ಪೇಪರ್ ಕಟಿಂಗುಗಳಿವೆ. ಅದರಲ್ಲಿ ಮಕ್ಕಳ ಕೈಯಲ್ಲಿ ಸವೆದು ಮಡಿಕೆ ಹರಿದಿರುವುದು 2019ರ ಜೂನ್ ತಿಂಗಳ ಒಂದು ಸುದ್ದಿ. ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡುವ ಯೋಜನೆಯಿಂದ, ಮಾಗಡಿ ತಾಲ್ಲೂಕಿನ ಹುಲಿಕಲ್ ಮತ್ತು ಕುದೂರಿನ ನಡುವೆ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಬೆಳೆಸಿದ 385 ಆಲದ ಮರಗಳಿಗೆ ಕುತ್ತು ಬಂದಿತ್ತು. ತಿಮ್ಮಕ್ಕ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರಲ್ಲಿ ಮರ ಉಳಿಸಿಕೊಡಿ ಎಂದು ಕೇಳಿದರು. ಬದಲಿ ದಾರಿ ಹುಡುಕುವುದಾಗಿ ಸರ್ಕಾರ ಹೇಳಿತು. ಸುದ್ದಿ ಇಷ್ಟೇ. ಏಳನೇ ತರಗತಿಯ ಮಕ್ಕಳು ಇದರಿಂದ ಐದು ನಿಮಿಷದ ನಾಟಕ ಕಟ್ಟಬೇಕು. ಅದಕ್ಕೆ ಸಿಗುವುದು ನಲವತ್ತು ನಿಮಿಷದ ನಾಲ್ಕು ಪಿರಿಯಡ್.

ಎಲ್ಲ ಸುದ್ದಿಯೂ ನಾಟಕಕ್ಕೆ ಒಗ್ಗುವುದಿಲ್ಲ. ಜಲಾಶಯದ ನೀರಿನ ಮಟ್ಟ, ಟೊಮೆಟೊ ದರ, ಯಾರಿಗೋ ಸನ್ಮಾನ, ಇವೆಲ್ಲ ಓದಲು ಸರಿ. ಆಡಲು ಹೋದರೆ ಮಕ್ಕಳು ಸಾಲಾಗಿ ನಿಂತು ವಿಷಯ ಒಪ್ಪಿಸಿ ಬರುತ್ತಾರೆ. ಹಾಗಾಗಿ ಮೊದಲ ಪಿರಿಯಡ್‌ನಲ್ಲಿ ನಾನು ಕೇಳುವುದು ಎರಡೇ ಪ್ರಶ್ನೆ: ಇಲ್ಲಿ ಯಾರಿಗೆ ಏನು ಬೇಕು? ಅದಕ್ಕೆ ಅಡ್ಡ ಬಂದಿರುವುದು ಯಾರು, ಅಥವಾ ಏನು? ಎರಡಕ್ಕೂ ಉತ್ತರ ಇದ್ದರೆ ಆ ಸುದ್ದಿಯಲ್ಲಿ ನಾಟಕ ಇದೆ. ಅಡ್ಡ ಬಂದವರ ಮಾತಿನಲ್ಲೂ ನ್ಯಾಯ ಇದ್ದರೆ ಇನ್ನೂ ಒಳ್ಳೆಯದು. ಕೊಲೆ, ಆತ್ಮಹತ್ಯೆ, ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿಗಳನ್ನು ನಾನು ತರಗತಿಗೆ ತರುವುದಿಲ್ಲ. ಅದೇ ಊರಿನಲ್ಲಿ ಈಚೆಗೆ ಸಾವು ಕಂಡ ಮನೆಯ ಮಗುವೂ ಅಲ್ಲೇ ಕೂತಿರಬಹುದು.

ಮರದ ಸುದ್ದಿಯಲ್ಲಿ ಎರಡೂ ಪ್ರಶ್ನೆಗೆ ಉತ್ತರ ಇತ್ತು. ಆದರೂ ಮೊದಲ ದಿನ ಮಕ್ಕಳು ಆಡಿ ತೋರಿಸಿದ್ದು ಟಿ.ವಿ.ಯನ್ನು. ಒಬ್ಬ ಹುಡುಗ ಸ್ಕೇಲನ್ನೇ ಮೈಕ್ ಮಾಡಿಕೊಂಡು ಬಂದ. "ಈಗ ನಿಮಗೆ ಏನನಿಸುತ್ತಿದೆ?" ಎಂದು ಒಬ್ಬೊಬ್ಬರ ಬಾಯಿಗೂ ಹಿಡಿದ. ಒಬ್ಬಳು "ನಾವು ಪರಿಸರವನ್ನು ಸಂರಕ್ಷಿಸಬೇಕು" ಎಂದಳು, ಇನ್ನೊಬ್ಬ "ರಸ್ತೆಯೂ ಅತ್ಯಗತ್ಯವಾಗಿದೆ" ಎಂದ. ಸುದ್ದಿಯಿಂದ ನಾಟಕ ಮಾಡಿ ಎಂದರೆ ನೂರಕ್ಕೆ ತೊಂಬತ್ತು ಗುಂಪುಗಳು ಮೊದಲು ಬಂದು ಬೀಳುವುದು ಇದೇ ಹಳ್ಳಕ್ಕೆ. ಕಂಡುಹಿಡಿಯುವುದು ಸುಲಭ. ಪಾತ್ರಗಳು ಒಂದರ ಮುಖ ಒಂದು ನೋಡುವುದಿಲ್ಲ, ಎಲ್ಲರೂ ಮೈಕ್ ನೋಡುತ್ತಾರೆ. ನಾನು ಸ್ಕೇಲನ್ನು ಇಸಿದುಕೊಂಡೆ. ಈಗ ಅದೇ ಮಾತನ್ನು ಪಕ್ಕದವರಿಗೆ ಹೇಳಿ ಎಂದೆ. ಇಬ್ಬರೂ ಸುಮ್ಮನೆ ನಿಂತರು. "ಪರಿಸರವನ್ನು ಸಂರಕ್ಷಿಸಬೇಕು" ಎಂದು ಪಕ್ಕದವರಿಗೆ ಯಾರು ತಾನೇ ಹೇಳುತ್ತಾರೆ?

ಎರಡನೇ ಪಿರಿಯಡ್‌ನಲ್ಲಿ ಮಾತಿಗೆ ರಜೆ. ಮೂರು ಸ್ತಬ್ಧಚಿತ್ರ ಮಾಡಿ ಎಂದೆ. ಮೊದಲು ಏನಿತ್ತು, ಏನು ಬಂತು, ಆಮೇಲೆ ಏನಾಯಿತು. ಚಪ್ಪಾಳೆ ತಟ್ಟಿದರೆ ಅಲ್ಲಾಡದೆ ನಿಲ್ಲಬೇಕು. ಮಕ್ಕಳು ಥಟ್ಟನೆ ಹೊಂದಿಕೊಳ್ಳುವ ಕೆಲಸ ಇದು, ಮಾತು ಬಾರದವರಿಗೂ ಇಲ್ಲಿ ಜಾಗ ಇದೆ. ಆದರೆ ಈ ಗುಂಪು ಮೊದಲ ಚಿತ್ರದಲ್ಲೇ ಮುಖ್ಯಮಂತ್ರಿ ಒಪ್ಪಿ ಕೈಮುಗಿಯುವುದನ್ನು ತೋರಿಸಿಬಿಟ್ಟಿತು. ತಪ್ಪು ಅವರದಲ್ಲ, ಕಟಿಂಗ್ ಹಾಗೇ ಇತ್ತು. ಪತ್ರಿಕೆಯವರು ಮುಖ್ಯವಾದದ್ದನ್ನು ಮೊದಲ ಸಾಲಿನಲ್ಲೇ ಹೇಳುತ್ತಾರೆ. ಓದುಗ ಅರ್ಧಕ್ಕೆ ಬಿಟ್ಟರೂ ವಿಷಯ ತಿಳಿದಿರಬೇಕು, ಜಾಗ ಸಾಲದಿದ್ದರೆ ಬಾಲ ಕತ್ತರಿಸಬಹುದಾಗಿರಬೇಕು. ನಾಟಕದಲ್ಲಿ ಮುಕ್ತಾಯ ಮೊದಲೇ ತಿಳಿದರೆ ಯಾರು ಕೂತು ನೋಡುತ್ತಾರೆ? ಕಟಿಂಗಿನ ನಕಲನ್ನು ಕತ್ತರಿಯಿಂದ ಸಾಲುಸಾಲಾಗಿ ಕತ್ತರಿಸಿ ಕೊಟ್ಟೆ. ನೆಲದ ಮೇಲೆ ಹರಡಿಕೊಂಡು, ನಡೆದ ಕ್ರಮದಲ್ಲಿ ಜೋಡಿಸಿದರು. ಪೇಪರಿನ ಮೊದಲ ಸಾಲು ಕೊನೆಗೆ ಹೋಯಿತು. ಸಸಿ ನೆಟ್ಟ ಹಳೆಯ ಸಂಗತಿ, ಸುದ್ದಿಯಲ್ಲಿ ಬಾಲದ ಕಡೆ ಇದ್ದದ್ದು, ಮೇಲೆ ಬಂತು.

ಆಮೇಲೆ ಬಂದದ್ದೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಘಟ್ಟ. ಒಬ್ಬ ಹುಡುಗಿ ಮನೆಯಿಂದ ಅಜ್ಜಿಯ ಸೀರೆ ತಂದಿದ್ದಳು. ಉಟ್ಟುಕೊಂಡು ಬೆನ್ನು ಬಾಗಿಸಿ, ಕೈ ನಡುಗಿಸುತ್ತ, ತಿಮ್ಮಕ್ಕನಾಗಿ ಬಂದಳು. ತರಗತಿ ಗೊಳ್ಳೆಂದು ನಕ್ಕಿತು. ನಕ್ಕದ್ದು ಮುದಿತನಕ್ಕೆ. ಅವಳಿಗೂ ನಗು ತಡೆಯಲಾಗಲಿಲ್ಲ. ಮುಂದೆ ಅವಳು ಆಡಿದ ಮಾತುಗಳಲ್ಲಿ ಒಂದೂ ತಿಮ್ಮಕ್ಕ ಆಡಿದ್ದಲ್ಲ. ನಾನು ನಿಲ್ಲಿಸಿ ಕೇಳಿದೆ: "ಈ ಮಾತು ಎಲ್ಲಿಂದ ಬಂತಮ್ಮ?" "ನಾನೇ ಮಾಡ್ಕೊಂಡೆ ಸಾರ್." "ಅವರು ಇದನ್ನ ಕೇಳಿಸಿಕೊಂಡ್ರೆ?" ಅವಳು ಸೆರಗು ತೆಗೆದು ಮಡಿಚಿಟ್ಟಳು.

ಇಲ್ಲಿ ನಮಗಿಂತ ಮೊದಲು ಈ ಕೆಲಸ ಮಾಡಿದವರಿಂದ ಒಂದು ಉಪಾಯ ಸಿಗುತ್ತದೆ. ಕನ್ನಡದಲ್ಲಿ ಸುದ್ದಿಯನ್ನು ಬೀದಿಗೆ ತಂದ ದೊಡ್ಡ ಉದಾಹರಣೆ ಸಮುದಾಯ ತಂಡದ 'ಬೆಲ್ಚಿ'. 1977ರಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ನಡೆದ ದಲಿತರ ಹತ್ಯಾಕಾಂಡ ಅದರ ವಸ್ತು. ಅದಕ್ಕೂ ಹಿಂದೆ, 1935ರಲ್ಲಿ ಶುರುವಾದ ಅಮೆರಿಕದ ಫೆಡರಲ್ ಥಿಯೇಟರ್ ಪ್ರಾಜೆಕ್ಟ್ 'ಜೀವಂತ ಪತ್ರಿಕೆ' ಎಂಬ ನಾಟಕಗಳನ್ನು ಆಡಿಸಿತ್ತು. ರೈತರ ಸಂಕಷ್ಟ, ಬಡವರ ಬಾಡಿಗೆ ಮನೆಗಳಂತಹ ವಿಷಯಗಳನ್ನು ದಾಖಲೆ ಇಟ್ಟುಕೊಂಡು ರಂಗಕ್ಕೆ ತರುತ್ತಿದ್ದರು. ಆ ನಾಟಕಗಳಲ್ಲಿ ಧ್ವನಿವರ್ಧಕದಿಂದ ಒಂದು ದನಿ ಬಂದು ಅಂಕಿಅಂಶ, ದಿನಾಂಕ, ನಡೆದ ಸಂಗತಿ ಹೇಳುತ್ತಿತ್ತು. ದೃಶ್ಯ ಅದರ ಸುತ್ತ ನಡೆಯುತ್ತಿತ್ತು. ನಮಗೆ ಧ್ವನಿವರ್ಧಕ ಬೇಕಿಲ್ಲ. ಒಬ್ಬ ಹುಡುಗ ರಂಗದ ಬದಿಯಲ್ಲಿ ಸ್ಟೂಲ್ ಮೇಲೆ ನಿಂತು ಕಟಿಂಗ್ ಹಿಡಿದುಕೊಂಡರೆ ಸಾಕು. ಅವನು 'ಪೇಪರಿನ ದನಿ'. ಅಚ್ಚಾಗಿದ್ದನ್ನು ಬಿಟ್ಟು ಒಂದಕ್ಷರ ಅವನು ಆಡುವಂತಿಲ್ಲ. ಉಳಿದವರು ಆಡುವುದೆಲ್ಲ ಕಟ್ಟಿದ ಮಾತು ಎಂದು ನೋಡುವವರಿಗೆ ಹೇಳದೆಯೇ ತಿಳಿಯುತ್ತದೆ.

ನೋಟ್‌ಬುಕ್ಕಿನಲ್ಲೂ ಹಾಗೇ. ಹಾಳೆಯ ನಡುವೆ ಗೀಟು ಎಳೆದು ಎಡಕ್ಕೆ 'ಸುದ್ದಿಯಲ್ಲಿ ಇದ್ದದ್ದು', ಬಲಕ್ಕೆ 'ನಾವು ಕಟ್ಟಿದ್ದು' ಎಂದು ಬರೆಸಿದೆ. ಹೆಸರಿರುವ ನಿಜವಾದ ವ್ಯಕ್ತಿಗಳು ಎಡಗಡೆಯೇ ಉಳಿಯಬೇಕು, ಬಲಗಡೆಗೆ ಬರುವಂತಿಲ್ಲ. ಹಾಗಾಗಿ ತಿಮ್ಮಕ್ಕ ರಂಗದ ಮೇಲೆ ಬರಲಿಲ್ಲ, ಮುಖ್ಯಮಂತ್ರಿಯೂ ಬರಲಿಲ್ಲ. ಸೀರೆ ತಂದಿದ್ದ ಹುಡುಗಿಯೇ ಮಾರನೆಯ ಸಲ ಒಂದು ಬಿಂದಿಗೆ ತಂದಳು. ದಂಪತಿ ದೂರದಿಂದ ನೀರು ಹೊತ್ತು ತಂದು ಸಸಿಗೆ ಎರೆದಿದ್ದರು ಎಂಬುದು ಸುದ್ದಿಯಲ್ಲೇ ಇತ್ತಲ್ಲ. ನಡುವೆ ಬಿಂದಿಗೆ ಇಟ್ಟು ಎಲ್ಲರೂ ಅದನ್ನು ಬಳಸಿಕೊಂಡು ಓಡಾಡಿದರು. ಅದನ್ನು ಕಂಡು ಯಾರೂ ನಗಲಿಲ್ಲ.

ಹಾಗಾದರೆ ಮಾತಾಡುವವರು ಯಾರು? ಸುದ್ದಿಯಲ್ಲಿ ಹೆಸರಿಲ್ಲದವರು, ಆದರೆ ಆ ರಸ್ತೆಯಲ್ಲಿ ಇದ್ದೇ ಇರುವವರು. ಮಕ್ಕಳು ಹುಡುಕಿದ್ದು ಮೂವರನ್ನು. ಅಳತೆಗೆ ಬಂದ ಇಂಜಿನಿಯರ್, ಮರದ ಕೆಳಗೆ ಎಳನೀರು ಮಾರುವವನು, ಬಸ್ಸಿಗೆ ಕಾಯುವ ಒಬ್ಬ ಅಜ್ಜಿ. ಬರೆಯುವ ಮೊದಲು ಬಾಯಲ್ಲೇ ಆಡಿಸಿದೆ, ಆಡಿದ್ದನ್ನು ಒಬ್ಬಳು ಗೀಚಿಕೊಂಡಳು. ಮೊದಲೇ ಪೆನ್ನು ಕೊಟ್ಟರೆ ಪಠ್ಯಪುಸ್ತಕದ ಭಾಷೆ ಬಂದು ಕೂರುತ್ತದೆ. ಹೀಗೆ ಬಂದದ್ದು ಇದು:

"ಸ್ವಲ್ಪ ಆಚೆ ನಿಂತ್ಕೊಳಪ್ಪ, ಇದಕ್ಕೆ ನಂಬರ್ ಹಾಕ್ಬೇಕು."
"ನಂಬರ್ ಯಾಕ್ ಸ್ವಾಮಿ, ಮರ ಏನ್ ಇಸ್ಕೂಲಿಗೆ ಹೋಗ್ತದಾ?"
"ರಸ್ತೆ ಅಗಲ ಆಗ್ಬೇಕಲ್ವಾ?"
"ಆಗ್ಲಿ ಬಿಡಪ್ಪ. ಮೊನ್ನೆ ಎರಡು ಬಸ್ಸು ಎದುರಾಗಿ ಅರ್ಧ ಗಂಟೆ ನಿಂತ್ವು. ನನ್ ಮಡ್ಲಲ್ಲಿ ಮೊಮ್ಮಗು, ಮೈ ಕೆಂಡ ಆಗಿತ್ತು."

ಕೊನೆಯ ಮಾತು ಅಜ್ಜಿಯದು. ಅದನ್ನು ಹುಟ್ಟಿಸಿದವನು ಹಿಂದಿನ ಬೆಂಚಿನ ಹುಡುಗ, ಮೊದಲ ದಿನ "ರಸ್ತೆಯೂ ಅತ್ಯಗತ್ಯವಾಗಿದೆ" ಎಂದವನೇ. ಇದು ಬಂದ ಮೇಲೆ ಎಳನೀರಿನವನಿಗೆ ಸುಲಭದ ಉತ್ತರ ಉಳಿಯಲಿಲ್ಲ. ಅವನು ಅಜ್ಜಿಗೆ ಒಂದು ಎಳನೀರು ಕೆತ್ತಿ ಕೊಡುತ್ತಾನೆ, ಅವಳು ಮರದ ನೆರಳಲ್ಲೇ ಕೂತು ಕುಡಿಯುತ್ತಾಳೆ. ಜಗಳ ಗೆಲ್ಲಿಸಬೇಡಿ ಎಂದಷ್ಟೇ ನಾನು ಹೇಳಿದ್ದು, ಉಳಿದದ್ದು ಅವರದೇ.

ಇನ್ನು ಮರಗಳು. ಉಳಿದಿದ್ದವರು ಆರು ಮಕ್ಕಳು, ಬೇಕಾದದ್ದು 385 ಮರ. ರಟ್ಟಿನಲ್ಲಿ ಮರ ಕತ್ತರಿಸೋಣ ಎಂದರು. ಬೇಡ ಎಂದೆ. ರಟ್ಟು, ಬಣ್ಣ, ಪರದೆಗಳಿಗೆ ಇಳಿದರೆ ನಾಲ್ಕೂ ಪಿರಿಯಡ್ ಅಂಟಿನಲ್ಲೇ ಕಳೆಯುತ್ತದೆ. ಕೊನೆಗೆ ದಾರಿ ಹೊಳೆದದ್ದು ಇಂಜಿನಿಯರ್ ಪಾತ್ರದ ಹುಡುಗಿಗೆ. ರಸ್ತೆ ಕೆಲಸದಲ್ಲಿ ಮರಗಳ ಬೊಡ್ಡೆಗೆ ಬಣ್ಣದಲ್ಲಿ ನಂಬರ್ ಬರೆಯುವುದನ್ನು ಅವಳು ನೋಡಿದ್ದಳು. ಆರು ಜನ ಸಾಲಾಗಿ ನಿಂತರು. ಅವಳು ಚಾಕ್‌ಪೀಸ್ ಹಿಡಿದು ಒಬ್ಬೊಬ್ಬರ ಅಂಗಿಯ ಮೇಲೂ ಒಂದು, ಎರಡು, ಮೂರು ಎಂದು ಬರೆಯುತ್ತ ಹೋದಳು. ನಂಬರ್ ಬಿದ್ದವನು ಸಾಲಿನ ಕೊನೆಗೆ ಓಡಿ ಹೊಸ ಮರವಾಗಿ ನಿಲ್ಲಬೇಕು. ಅದೇ ಅಂಗಿಯ ಮೇಲೆ ಏಳು, ಹದಿಮೂರು, ನಲವತ್ತು. ಎಣಿಕೆಯನ್ನು ಹತ್ತತ್ತು, ನೂರುನೂರು ಹಾರಿಸಿದರು. ಓಟ ಜೋರಾಯಿತು, ಮಕ್ಕಳು ಏದುಸಿರು ಬಿಟ್ಟರು, ಅಂಗಿಗಳು ಗೀಚಿ ಗೀಚಿ ಬಿಳಿಯಾದವು.

ಆಡಿದ ದಿನ ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿ, ನೋಡುವವರನ್ನು ಅರ್ಧಚಂದ್ರಾಕಾರದಲ್ಲಿ ನೆಲಕ್ಕೆ ಕೂರಿಸಿದೆವು. ಎಂದಿನ ತಪ್ಪುಗಳು ಆದವು. ಎಳನೀರಿನವನು ಮಾತಾಡುವಾಗಲೆಲ್ಲ ಅಜ್ಜಿಯ ಕಡೆಗೇ ತಿರುಗಿ ನಮಗೆ ಬೆನ್ನು ಹಾಕಿದ. ಪೇಪರಿನ ದನಿ ಗಾಬರಿಯಲ್ಲಿ ಎರಡು ಸಾಲು ನುಂಗಿದ. ಎರಡನೆಯದು ದೊಡ್ಡ ತಪ್ಪು, ಯಾಕೆಂದರೆ ನುಂಗಿದ ಸಾಲಿನಲ್ಲಿ ಊರಿನ ಹೆಸರಿತ್ತು. ಎದುರು ಕೂತವರಿಗೆ ಇದು ಎಲ್ಲಿಯ ಕಥೆ ಎಂದೇ ತಿಳಿಯಲಿಲ್ಲ. ಮತ್ತೊಮ್ಮೆ ಆಡಿಸಿದೆ.

ಮುಕ್ತಾಯದ ಬಗ್ಗೆ ಗುಂಪಿನಲ್ಲಿ ಜಗಳ ಆಗಿತ್ತು. ಎಲ್ಲರೂ ಕೈಹಿಡಿದು "ಮರ ಉಳಿಸಿ, ನಾಡು ಬೆಳೆಸಿ" ಎಂದು ಕೂಗೋಣ ಎಂದು ಇಬ್ಬರು ಪಟ್ಟು ಹಿಡಿದಿದ್ದರು. ಹಾಗೆ ಕೂಗಿದರೆ ಜ್ವರದ ಮಗುವಿನ ಅಜ್ಜಿ ಎಲ್ಲಿ ನಿಲ್ಲಬೇಕು ಎಂದು ಆ ಪಾತ್ರದ ಹುಡುಗಿ ಕೇಳಿದಳು. ಘೋಷಣೆ ಹೋಯಿತು. ಬದಲಿಗೆ, ಇಂಜಿನಿಯರ್ "ಮುನ್ನೂರ ಎಂಬತ್ನಾಲ್ಕು" ಎಂದು ಬರೆದು ಮುಂದಿನ ಮರದ ಮುಂದೆ ಚಾಕ್‌ಪೀಸ್ ಎತ್ತಿ ನಿಲ್ಲುತ್ತಾಳೆ. ಎಲ್ಲರೂ ಅಲ್ಲಾಡದೆ ನಿಲ್ಲುತ್ತಾರೆ. ಆಗ ಸ್ಟೂಲ್ ಮೇಲಿನ ಹುಡುಗ, ಕಟಿಂಗಿನ ಮೊಟ್ಟಮೊದಲ ಸಾಲನ್ನು, ನೆಲದ ಮೇಲೆ ಜೋಡಿಸುವಾಗ ಕೊನೆಗೆ ಹೋಗಿತ್ತಲ್ಲ ಅದನ್ನು, ಓದುತ್ತಾನೆ.

ನಾಟಕ ಮುಗಿದ ಮೇಲೂ ಹತ್ತು ನಿಮಿಷ ಇಟ್ಟುಕೊಂಡಿರುತ್ತೇನೆ. ಒಂದು ಪಾತ್ರ ಪಾತ್ರವಾಗಿಯೇ ಕುರ್ಚಿಯಲ್ಲಿ ಕೂರಬೇಕು, ತರಗತಿ ಪ್ರಶ್ನೆ ಕೇಳಬೇಕು. ಆ ದಿನ ಕುರ್ಚಿಗೆ ಕರೆದದ್ದು ಇಂಜಿನಿಯರನ್ನು. ಯಾರು ಕಳಿಸಿದರು, ಎಷ್ಟು ಅಡಿ ಬೇಕು ಎಂದೆಲ್ಲ ಕೇಳಿದರು. ಅವಳು ಪಟಪಟನೆ ಉತ್ತರಿಸಿದಳು. ಆಮೇಲೆ ಎರಡನೇ ಸಾಲಿನಿಂದ ಒಬ್ಬ ಹುಡುಗ ಎದ್ದ.

"ಮೇಡಂ, ನಿಮ್ ಊಟ ಎಲ್ಲಿ ಮಾಡಿದ್ರಿ?"

ಅವಳು ಕೈಯಲ್ಲಿದ್ದ ಚಾಕ್‌ಪೀಸ್ ನೋಡಿಕೊಂಡಳು.

"ಮರದ ಕೆಳಗೇನೇ. ನೂರ ಹನ್ನೆರಡನೇದು."