ಸಂಶೋಧನೆಯ ಫಲಿತಾಂಶವು ಪತ್ರಿಕಾ ಪ್ರಕಟಣೆಯಾಗುವ ಬಗೆ

ಸಂಶೋಧನೆಯೊಂದು ಮುಗಿದೊಡನೆ ಅದರ ಫಲಿತಾಂಶವು ಸಾಮಾನ್ಯವಾಗಿ ಮೊದಲು ಸ್ಲೈಡುಗಳ ರೂಪವನ್ನು ತಾಳುತ್ತದೆ. ಹಿನ್ನೆಲೆ, ವಿಧಾನ, ರೋಗಿಗಳ ವಿವರ, ಫಲ, ಉಪವಿಭಾಗಗಳ ಫಲ, ಮಿತಿಗಳು, ನಿರ್ಣಯ ಎಂಬ ಕ್ರಮದಲ್ಲಿ ಇಪ್ಪತ್ತು ಮೂವತ್ತು ಪುಟಗಳು ಸಿದ್ಧವಾಗಿ, ವಿಷಯಜ್ಞರ ಸಭೆಯಲ್ಲಿ ಒಬ್ಬರು ಅವನ್ನು ತೋರಿಸುತ್ತ ವಿವರಿಸುತ್ತಾರೆ. ಈ ಕ್ರಮವು ಕೇಳುವವರನ್ನು ಸಂದೇಹದಿಂದ ನಿಶ್ಚಯದ ಕಡೆಗೆ ನಡೆಸುವ ಕ್ರಮ. ವೃತ್ತಪತ್ರಿಕೆಗಳಿಗೆ ಕಳುಹಿಸುವ ಪ್ರಕಟಣೆಯಾದರೋ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ನಿರ್ಣಯವು ಮೊದಲು ಬರಬೇಕು, ವಿಧಾನವು ಕಡೆಗೆ ಸರಿಯಬೇಕು. ಏಕೆಂದರೆ ಸಂಪಾದಕನು ಸ್ಥಳಾಭಾವದಿಂದ ಲೇಖನವನ್ನು ಕೆಳಗಿನಿಂದ ಕತ್ತರಿಸುತ್ತಾನೆ. ಇದಲ್ಲದೆ ಸ್ಲೈಡಿನಲ್ಲಿ ಅರ್ಧಭಾಗ ಮಾತ್ರ ಬರೆದಿರುತ್ತದೆ. ಉಳಿದರ್ಧವು ವಿವರಿಸುವವರ ಬಾಯಲ್ಲಿರುತ್ತದೆ. ಈ ಎರಡನೆಯ ಅರ್ಧವು ಕಳೆದುಹೋಗದಂತೆ ನೋಡಿಕೊಳ್ಳುವುದೇ ರೂಪಾಂತರದ ಮುಖ್ಯ ಕಷ್ಟ.

ಇದನ್ನು ಒಂದು ಪ್ರಸಿದ್ಧ ಉದಾಹರಣೆಯಿಂದ ಪರಿಶೀಲಿಸಬಹುದು. 2020ನೆಯ ಇಸವಿಯಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದವರು ಬ್ರಿಟನ್ನಿನ 175ಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ 'ರಿಕವರಿ' ಎಂಬ ಪರೀಕ್ಷೆಯನ್ನು ನಡೆಸುತ್ತಿದ್ದರು. ಕೋವಿಡ್-19 ರೋಗಕ್ಕೆ ಯಾವ ಔಷಧವು ಸಹಾಯಕವೆಂಬುದನ್ನು ತಿಳಿಯುವುದು ಅದರ ಉದ್ದೇಶ. ಅದರ ಒಂದು ಭಾಗದಲ್ಲಿ 2104 ಮಂದಿ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಹಳೆಯ ಸ್ಟೀರಾಯ್ಡ್ ಔಷಧವನ್ನು ದಿನಕ್ಕೆ 6 ಮಿಲಿಗ್ರಾಮಿನಂತೆ ಹತ್ತು ದಿನ ಕೊಡಲಾಯಿತು; 4321 ಮಂದಿಗೆ ರೂಢಿಯ ಚಿಕಿತ್ಸೆ ಮಾತ್ರ ದೊರೆಯಿತು. ಯಾರಿಗೆ ಯಾವುದು ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ ಯಾದೃಚ್ಛಿಕವಾಗಿ ನಿರ್ಧರಿಸಲಾಗಿತ್ತು. ಆ ವರ್ಷ ಜೂನ್ 16ರಂದು ಫಲಿತಾಂಶವು ಪತ್ರಿಕಾ ಪ್ರಕಟಣೆಯ ರೂಪದಲ್ಲಿಯೇ ಮೊದಲು ಲೋಕಕ್ಕೆ ತಿಳಿಯಿತು. ವಿವರವಾದ ಪ್ರಬಂಧದ ಕರಡು ಜೂನ್ 22ರಂದೂ, ವಿಮರ್ಶಿತ ಪ್ರಬಂಧವು ಜುಲೈ 17ರಂದೂ ಹೊರಬಂದವು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಗೆ ಅನುಮತಿ ದೊರೆತುದು ಪ್ರಕಟಣೆಯ ದಿನವೇ. ಹೀಗಾಗಿ ಕೆಲವು ದಿನಗಳವರೆಗೆ ವೈದ್ಯರ ಕೈಯಲ್ಲಿ ಆ ಒಂದೆರಡು ಪುಟಗಳ ಹೊರತು ಬೇರೆ ಆಧಾರವಿರಲಿಲ್ಲ. ಅದರಲ್ಲಿ ಒಂದು ಪದ ತಪ್ಪಿದ್ದರೂ ರೋಗಿಯ ಹಾಸಿಗೆಯ ಬಳಿ ಅದರ ಫಲ ಕಾಣಿಸುತ್ತಿತ್ತು.

ಇಂತಹ ಸ್ಲೈಡುಗಳಲ್ಲಿ ಸುದ್ದಿಯಿರುವ ಪುಟವನ್ನು ಗುರುತಿಸುವುದು ಮೊದಲನೆಯ ಕೆಲಸ. ಒಟ್ಟಾರೆ ಫಲದ ಪುಟವೇ ಅದೆಂದು ತೋರಬಹುದು; ಔಷಧದಿಂದ ಇಪ್ಪತ್ತೆಂಟು ದಿನಗಳೊಳಗಿನ ಮರಣವು ಒಟ್ಟಿನಲ್ಲಿ ಶೇಕಡ 17ರಷ್ಟು ತಗ್ಗಿತ್ತು. ಆದರೆ ಉಪವಿಭಾಗಗಳ ಪುಟವು ಬೇರೊಂದು ಸಂಗತಿಯನ್ನು ಹೇಳುತ್ತಿತ್ತು. ವೆಂಟಿಲೇಟರಿನ ಮೇಲಿದ್ದವರಲ್ಲಿ ಮರಣದ ನಿಷ್ಪತ್ತಿ 0.65, ಆಮ್ಲಜನಕವನ್ನು ಮಾತ್ರ ಪಡೆಯುತ್ತಿದ್ದವರಲ್ಲಿ 0.80, ಉಸಿರಾಟಕ್ಕೆ ಯಾವ ನೆರವೂ ಬೇಡವಾಗಿದ್ದವರಲ್ಲಿ 1.22. ಅಂದರೆ ಒಂದೇ ಔಷಧವು ರೋಗದ ತೀವ್ರತೆಗನುಸಾರವಾಗಿ ಬೇರೆ ಬೇರೆ ಫಲವನ್ನು ಕೊಟ್ಟಿತ್ತು. ಒಟ್ಟು ಸಂಖ್ಯೆಯು ಈ ಮೂರನ್ನೂ ಬೆರಸಿ ಮುಖ್ಯ ಸಂಗತಿಯನ್ನೇ ಮರೆಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಉಪವಿಭಾಗವನ್ನು ತಲೆಬರಹಕ್ಕೆ ಏರಿಸುವುದು ಸಾಮಾನ್ಯವಾಗಿ ದೋಷವೇ. ಹಲವು ವಿಭಾಗಗಳನ್ನು ಹುಡುಕಿದರೆ ಯಾವುದಾದರೊಂದರಲ್ಲಿ ಆಕಸ್ಮಿಕವಾಗಿ ಲಾಭವು ಕಂಡೇ ಕಾಣುತ್ತದೆ. ಆದರೆ ಇಲ್ಲಿ ಒಟ್ಟು ಫಲವೂ ಸ್ಪಷ್ಟವಾಗಿತ್ತು, ನೆರವು ಹೆಚ್ಚು ಬೇಕಾದಷ್ಟೂ ಲಾಭವು ಹೆಚ್ಚುವ ಕ್ರಮವೂ ಸ್ಪಷ್ಟವಾಗಿತ್ತು. ಈ ಎರಡು ಆಧಾರಗಳಿದ್ದುದರಿಂದ ಉಪವಿಭಾಗವು ತಲೆಬರಹಕ್ಕೆ ಅರ್ಹವಾಯಿತು.

ಮುಂದಿನ ಕೆಲಸವು ಅಂಕೆಯನ್ನು ವಾಕ್ಯವಾಗಿಸುವುದು. 0.65 ಎಂಬುದು ಸ್ಲೈಡಿನಲ್ಲಿ ಒಂದು ಗೆರೆಯ ಎಡಗಡೆಯ ಚಿಕ್ಕ ಚೌಕವಾಗಿರುತ್ತದೆ. ಅದನ್ನು 'ಮರಣವು ಸುಮಾರು ಮೂರರಲ್ಲಿ ಒಂದು ಭಾಗದಷ್ಟು ಕಡಮೆಯಾಯಿತು' ಎಂದು ಹೇಳಬಹುದು. ಆದರೆ ಎಷ್ಟರಲ್ಲಿ ಮೂರನೆಯ ಒಂದು ಭಾಗ ಎಂಬುದನ್ನು ಹೇಳದಿದ್ದರೆ ಓದುಗನಿಗೆ ಅಳತೆ ಸಿಕ್ಕುವುದಿಲ್ಲ. ರೂಢಿಯ ಚಿಕಿತ್ಸೆಯಲ್ಲಿ ವೆಂಟಿಲೇಟರಿನ ಮೇಲಿದ್ದ ನೂರು ಮಂದಿಯಲ್ಲಿ 41 ಮಂದಿ ತೀರಿಕೊಂಡಿದ್ದರು. ಆಗ 41ನ್ನು 0.65ರಿಂದ ಗುಣಿಸಿ, ಔಷಧ ಪಡೆದವರಲ್ಲಿ 27 ಮಂದಿ ಎಂದು ಬರೆಯುವ ಆಸೆ ಹುಟ್ಟುತ್ತದೆ. ಅದು ತಪ್ಪು. 0.65 ಎಂಬುದು ವಯಸ್ಸಿನ ವ್ಯತ್ಯಾಸಕ್ಕೆ ಸರಿಹೊಂದಿಸಿದ, ಮರಣದ ವೇಗಗಳ ನಿಷ್ಪತ್ತಿಯೇ ಹೊರತು, ಸತ್ತವರ ಶೇಕಡಾಂಶಗಳ ನಿಷ್ಪತ್ತಿಯಲ್ಲ. ಮುಂದೆ ಪ್ರಬಂಧದಲ್ಲಿ ಕಂಡ ಅಂಕೆ ನೂರಕ್ಕೆ ಸುಮಾರು 29. ವ್ಯತ್ಯಾಸವು ನೂರಕ್ಕೆ 12ರಷ್ಟಾದುದರಿಂದ, ಸುಮಾರು 8 ಮಂದಿಗೆ ಔಷಧ ಕೊಟ್ಟರೆ ಒಂದು ಮರಣವು ತಪ್ಪುತ್ತದೆ. ಜೂನ್ ತಿಂಗಳ ಪ್ರಕಟಣೆಯಲ್ಲಿಯೂ 'ಸುಮಾರು 8' ಎಂದೇ ಇದ್ದಿತು. ಅದು ಪ್ರಕಟಣಕಾರನ ಗುಣಾಕಾರದಿಂದ ಬಂದುದಾಗಿದ್ದರೆ 7 ಎಂದಾಗುತ್ತಿತ್ತು. ಆದುದರಿಂದ ಸ್ಲೈಡಿನಲ್ಲಿಲ್ಲದ ಹೊಸ ಅಂಕೆ ಬೇಕಾದರೆ ಅದನ್ನು ಸಂಖ್ಯಾಶಾಸ್ತ್ರಜ್ಞರಿಂದ ಕೇಳಿ ಪಡೆಯತಕ್ಕದ್ದು, ತಾನೇ ಮಾಡಿಕೊಳ್ಳತಕ್ಕದ್ದಲ್ಲ.

1.22 ಎಂಬ ಅಂಕೆಯು ಇನ್ನೂ ಸೂಕ್ಷ್ಮವಾದುದು. ಅದರ ವಿಶ್ವಾಸದ ಮೇರೆ 0.86ರಿಂದ 1.75ರವರೆಗೆ ಹರಡಿತ್ತು, ಅಂದರೆ ಸ್ವಲ್ಪ ಲಾಭ, ಸಾಕಷ್ಟು ಹಾನಿ, ಇವೆರಡೂ ಅದರೊಳಗೆ ಸೇರುತ್ತಿದ್ದವು. ಹೀಗಿರಲು 'ಹಾನಿಯಾಯಿತು' ಎಂದರೂ ತಪ್ಪು, 'ನಿರಪಾಯಕರ' ಎಂದರೂ ತಪ್ಪು. 'ಲಾಭವಾಯಿತೆಂಬುದಕ್ಕೆ ಸಾಕ್ಷ್ಯ ದೊರೆಯಲಿಲ್ಲ' ಎಂಬ ವಾಕ್ಯವೊಂದೇ ಆ ಅಂಕೆಗೆ ಸರಿಯಾಗಿ ಹೊಂದುತ್ತದೆ.

ತಲೆಬರಹಕ್ಕೆ ಮೂರು ಅಂಗಗಳು ಬೇಕು: ಏನು, ಯಾರಲ್ಲಿ, ಎಷ್ಟು. 'ಕೋವಿಡ್‌ಗೆ ಔಷಧ ಸಿಕ್ಕಿತು' ಎಂಬುದರಲ್ಲಿ ಕಡೆಯ ಎರಡೂ ಇಲ್ಲ. ಆಕ್ಸ್‌ಫರ್ಡಿನ ತಲೆಬರಹದಲ್ಲಿ ಮೂರೂ ಇದ್ದವು: ಅಗ್ಗದ ಔಷಧ, ತೀವ್ರ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದವರು, ಮರಣದಲ್ಲಿ ಮೂರನೆಯ ಒಂದು ಭಾಗದವರೆಗೆ ಇಳಿತ. ಇಲ್ಲಿ 'ವರೆಗೆ' ಎಂಬ ಪದವೊಂದರಲ್ಲಿ ದೌರ್ಬಲ್ಯವಿದೆ. ಅದು ಅತ್ಯುತ್ತಮ ಗುಂಪಿನ ಫಲವನ್ನು ಮುಂದಿಟ್ಟು ಉಳಿದವರ ಫಲವನ್ನು ಅದರ ನೆರಳಿನಲ್ಲಿಡುತ್ತದೆ. ಮುಂದಿನ ವಾಕ್ಯದಲ್ಲಿಯೇ ವೆಂಟಿಲೇಟರಿನವರಿಗೆ ಮೂರನೆಯ ಒಂದು, ಆಮ್ಲಜನಕದವರಿಗೆ ಐದನೆಯ ಒಂದು ಎಂದು ಬಿಡಿಸಿ ಹೇಳಿದರೆ ಮಾತ್ರ ಅಂತಹ ಪದವನ್ನು ಒಪ್ಪಬಹುದು.

ಉಲ್ಲೇಖಯೋಗ್ಯವಾದ ವಾಕ್ಯದ ಕೆಲಸವು ಅಂಕೆಗಳನ್ನು ಮತ್ತೆ ಹೇಳುವುದಲ್ಲ. ಅಂಕೆ ಹೇಳಲಾರದ ತೀರ್ಪನ್ನು ಹೆಸರುಳ್ಳ ಮನುಷ್ಯನೊಬ್ಬನು ತನ್ನ ಹೊಣೆಯ ಮೇಲೆ ಹೇಳುವುದೇ ಅದರ ಉದ್ದೇಶ. ಪರೀಕ್ಷೆಯ ಮುಖ್ಯಸ್ಥರಲ್ಲೊಬ್ಬರಾದ ಪೀಟರ್ ಹಾರ್ಬಿಯವರು, ಈ ಔಷಧವು ಅಗ್ಗವಾದುದು, ಈಗಾಗಲೇ ಎಲ್ಲೆಡೆ ದೊರೆಯುವಂತಹುದು, ಕೂಡಲೇ ಬಳಸಿ ಪ್ರಾಣ ಉಳಿಸಬಹುದಾದುದು ಎಂಬರ್ಥದ ಮಾತನ್ನಾಡಿದರು. ಅದನ್ನು ಅನೇಕ ಪತ್ರಿಕೆಗಳು ಎತ್ತಿಕೊಂಡುವು. ಮತ್ತೊಬ್ಬ ಮುಖ್ಯಸ್ಥರಾದ ಮಾರ್ಟಿನ್ ಲ್ಯಾಂಡ್ರೇ ಅವರ ಮಾತಿನಲ್ಲಿ ವೆಂಟಿಲೇಟರ್ ಅಥವಾ ಆಮ್ಲಜನಕದ ಮೇಲಿರುವವರು ಎಂಬ ನಿಬಂಧನೆಯು ವಾಕ್ಯದೊಳಗೇ ಸೇರಿಕೊಂಡಿತ್ತು. ಉಲ್ಲೇಖವು ತನ್ನ ನೆರೆಯ ವಾಕ್ಯಗಳಿಂದ ಬೇರ್ಪಟ್ಟು ಒಂಟಿಯಾಗಿ ಸಂಚರಿಸುತ್ತದೆ. ಆದುದರಿಂದ ನಿಬಂಧನೆಯನ್ನು ಪಕ್ಕದ ವಾಕ್ಯದಲ್ಲಿಟ್ಟರೆ ಅದು ಹಿಂದೆ ಉಳಿದುಬಿಡುತ್ತದೆ, ಒಳಗಿಟ್ಟರೆ ಜೊತೆಯಲ್ಲಿ ಹೋಗುತ್ತದೆ. ಪ್ರಕಟಣಕಾರನು ಕರಡು ಬರೆದುಕೊಡಬಹುದಾದರೂ, ಹೇಳುವವನು ಅದನ್ನು ಓದಿ, ತಿದ್ದಿ, ಒಪ್ಪಿದ ಹೊರತು ಅದು ಅವನ ಮಾತಾಗುವುದಿಲ್ಲ.

ಮಿತಿಯ ವಾಕ್ಯಕ್ಕೆ ಕಡೆಯ ಸ್ಥಾನವು ಸಲ್ಲದೆಂಬುದು ಇದರಿಂದಲೇ ಸಿದ್ಧವಾಗುತ್ತದೆ. ಆಮ್ಲಜನಕ ಬೇಡವಾದವರಿಗೆ ಲಾಭ ಕಾಣಲಿಲ್ಲ, ಆಸ್ಪತ್ರೆಯ ಹೊರಗಿನವರನ್ನು ಪರೀಕ್ಷಿಸಿಯೇ ಇಲ್ಲ ಎಂಬ ಎರಡು ಸಂಗತಿಗಳನ್ನೂ ಆಕ್ಸ್‌ಫರ್ಡಿನ ಪ್ರಕಟಣೆಯು ಹೇಳಿತ್ತು. ಇವುಗಳ ಬೆಲೆ ಎಷ್ಟೆಂಬುದು ಮರುವರ್ಷ ಭಾರತದಲ್ಲಿ ತಿಳಿಯಿತು. 2021ರ ಎರಡನೆಯ ಅಲೆಯಲ್ಲಿ ಮನೆಯಲ್ಲಿದ್ದ ಸೌಮ್ಯರೋಗಿಗಳೂ ಸ್ಟೀರಾಯ್ಡುಗಳನ್ನು ಸೇವಿಸಿದರು. ಕಪ್ಪು ಶಿಲೀಂಧ್ರವೆಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ರೋಗವು ಹಬ್ಬಿದಾಗ, ಮಧುಮೇಹದೊಡನೆ ಈ ವಿವೇಚನೆಯಿಲ್ಲದ ಸೇವನೆಯನ್ನೂ ವೈದ್ಯರು ಕಾರಣವಾಗಿ ಎಣಿಸಿದರು. ಅದಕ್ಕೆ ಪ್ರಕಟಣೆಯೊಂದನ್ನು ಹೊಣೆ ಮಾಡಲಾಗದು. ಆದರೆ 'ಸ್ಟೀರಾಯ್ಡ್ ಪ್ರಾಣ ಉಳಿಸುತ್ತದೆ' ಎಂಬ ಅರ್ಧ ಸಂಗತಿಯು 'ಯಾರಿಗೆ' ಎಂಬ ಉಳಿದರ್ಧವನ್ನು ಬಿಟ್ಟು ಹೋದರೆ ಆಗುವ ಅಪಾಯವು ಇಂತಹುದು.

ಪ್ರಕಟಣೆಯಲ್ಲಿ ಹುಟ್ಟಿದ ಉತ್ಪ್ರೇಕ್ಷೆಯು ಪತ್ರಿಕೆಗೂ ಹರಿಯುತ್ತದೆಂಬುದನ್ನು ಸೂಚಿಸುವ ಅಧ್ಯಯನವೂ ಉಂಟು. ಕಾರ್ಡಿಫ್ ವಿಶ್ವವಿದ್ಯಾನಿಲಯದ ಪೆಟ್ರಾಕ್ ಸಮ್ನರ್ ಮತ್ತು ಸಂಗಡಿಗರು ಬ್ರಿಟನ್ನಿನ 20 ವಿಶ್ವವಿದ್ಯಾನಿಲಯಗಳ 462 ಪ್ರಕಟಣೆಗಳನ್ನು ಮೂಲ ಪ್ರಬಂಧಗಳೊಡನೆ ಹೋಲಿಸಿ 2014ರಲ್ಲಿ ವರದಿ ಮಾಡಿದರು. ಪ್ರಕಟಣೆಯಲ್ಲಿ ಓದುಗರಿಗೆ ಕೊಟ್ಟ ಸಲಹೆಯು ಪ್ರಬಂಧವನ್ನು ಮೀರಿದ್ದಾಗ, ಶೇಕಡ 58ರಷ್ಟು ಸುದ್ದಿಗಳಲ್ಲಿ ಅದೇ ಮೀರಿಕೆ ಕಂಡಿತು. ಪ್ರಕಟಣೆಯು ಮಿತಿಯಲ್ಲಿದ್ದಾಗ ಶೇಕಡ 17ರಲ್ಲಿ ಮಾತ್ರ. ಉತ್ಪ್ರೇಕ್ಷೆಯಿಂದ ಸುದ್ದಿಯು ಹೆಚ್ಚಾಗಿ ಅಚ್ಚಾಯಿತೆಂಬುದಕ್ಕೆ ಮಾತ್ರ ಸಾಕ್ಷ್ಯ ದೊರೆಯಲಿಲ್ಲ.

ಮೇಲಿನ ವಿಚಾರಗಳಂತೆ ಈ ಫಲಿತಾಂಶದ ಪ್ರಕಟಣೆಯು ಕನ್ನಡದಲ್ಲಿ ಹೀಗಿರಬಹುದು:

ತಲೆಬರಹ: ವೆಂಟಿಲೇಟರಿನ ಮೇಲಿದ್ದ ಕೋವಿಡ್ ರೋಗಿಗಳ ಮರಣವನ್ನು ಅಗ್ಗದ ಸ್ಟೀರಾಯ್ಡ್ ಮೂರರಲ್ಲಿ ಒಂದು ಭಾಗದಷ್ಟು ತಗ್ಗಿಸಿತು; ಸೌಮ್ಯ ರೋಗಿಗಳಿಗೆ ಲಾಭ ಕಾಣಲಿಲ್ಲ.

ಮುಖ್ಯಾಂಶಗಳು: ಔಷಧ ಪಡೆದವರು 2104, ಪಡೆಯದವರು 4321. ಆಮ್ಲಜನಕವನ್ನು ಮಾತ್ರ ಪಡೆಯುತ್ತಿದ್ದವರಲ್ಲಿ ಮರಣವು ಐದನೆಯ ಒಂದು ಭಾಗದಷ್ಟು ಇಳಿಯಿತು. ವೆಂಟಿಲೇಟರಿನವರಲ್ಲಿ ಸುಮಾರು 8 ಮಂದಿಯ ಚಿಕಿತ್ಸೆಗೆ ಒಂದು ಮರಣವು ತಪ್ಪುತ್ತದೆ. ಆಸ್ಪತ್ರೆಯ ಹೊರಗಿನವರನ್ನು ಪರೀಕ್ಷಿಸಿಲ್ಲ. ಪ್ರಬಂಧವು ಇನ್ನೂ ವಿಮರ್ಶೆಗೆ ಒಳಪಟ್ಟಿಲ್ಲ.

ಉಲ್ಲೇಖ: ಮುಖ್ಯಸ್ಥರು ಒಪ್ಪಿದ, ನಿಬಂಧನೆಯನ್ನು ಒಳಗೊಂಡ ಒಂದೇ ವಾಕ್ಯ.

ಕಳುಹಿಸುವ ಮೊದಲು ಮೂರು ಪರೀಕ್ಷೆಗಳು ಸಾಕು. ಪ್ರತಿಯೊಂದು ವಾಕ್ಯದ ಅಂಚಿನಲ್ಲಿ ಅದಕ್ಕೆ ಆಧಾರವಾದ ಸ್ಲೈಡಿನ ಸಂಖ್ಯೆಯನ್ನು ಬರೆಯಬೇಕು. ಸಂಖ್ಯೆ ದೊರೆಯದ ವಾಕ್ಯವನ್ನು ತೆಗೆಯಬೇಕು. ತಲೆಬರಹವನ್ನೂ ಉಲ್ಲೇಖವನ್ನೂ ಒಂದೊಂದಾಗಿ, ಉಳಿದುದನ್ನು ಮುಚ್ಚಿ, ಸಂಶೋಧನೆಯನ್ನರಿಯದ ಒಬ್ಬರಿಗೆ ಓದಿಸಿ, ಈ ಔಷಧವನ್ನು ಯಾರಿಗೆ ಕೊಡಬಾರದೆಂದು ಕೇಳಬೇಕು. ಕಡೆಯದಾಗಿ ಪ್ರಕಟಣೆಯ ಕೆಳಗಿನ ಅರ್ಧವನ್ನು ಕತ್ತರಿಸಿ ನೋಡಬೇಕು. ಉಳಿದ ಮೇಲಿನ ಅರ್ಧವು ಆಗಲೂ ಸತ್ಯವನ್ನೇ ಹೇಳುತ್ತಿದ್ದರೆ ಅದು ಅಚ್ಚಿಗೆ ಯೋಗ್ಯ.